ಕಾಲಿನ ಮೇಲೆ ಭಾರ ಬಿದ್ದು ಉಗುರು ಕಪ್ಪಾಗಿದೆಯಾ? ರಕ್ತ ಯಾವಾಗ ತೆಗೆಸಬೇಕು, ಯಾವಾಗ ಸುಮ್ನೆ ಬಿಡಬೇಕು

ತುಂಬಿದ ಗ್ಯಾಸ್ ಸಿಲಿಂಡರ್ ಹೆಚ್ಚುಕಡಿಮೆ 30 ಕಿಲೋ ತೂಗುತ್ತದೆ. ಒಳಗಿರುವ ಗ್ಯಾಸ್ 14.2 ಕಿಲೋ, ಉಳಿದದ್ದೆಲ್ಲ ಕಬ್ಬಿಣ. ಅದನ್ನು ಓರೆ ಮಾಡಿ ಉರುಳಿಸಿಕೊಂಡು ಅಡುಗೆಮನೆಗೆ ತರುವಾಗ ಕೈ ಜಾರಿತು ಅಂದರೆ, ಅದರ ಕೆಳಗಿನ ಕಬ್ಬಿಣದ ಬಳೆ ಸರಿಯಾಗಿ ಕಾಲಿನ ಹೆಬ್ಬೆರಳ ಮೇಲೆಯೇ ಕೂರುತ್ತದೆ. ಕ್ಯಾಷುಯಲ್ಟಿಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ತೀರಾ ಪರಿಚಯದ ಗಾಯ. ಸಿಲಿಂಡರ್ ಅಲ್ಲದಿದ್ದರೆ ರುಬ್ಬುಗುಂಡು, ಅದೂ ಅಲ್ಲದಿದ್ದರೆ ಚಪ್ಪಡಿ ಕಲ್ಲು ಅಥವಾ ಟೈಲ್ಸ್ ಬಾಕ್ಸ್.

ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಉಗುರು ಪೂರ್ತಿ ಕಪ್ಪಾಗಿದೆ, ರಕ್ತ ತೆಗೀಬೇಕಾ?" ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಪ್ಪು ಎಷ್ಟಿದೆ ಅನ್ನುವುದರಿಂದ ಇದು ತೀರ್ಮಾನ ಆಗುವುದಿಲ್ಲ. ನೋವು ಎಷ್ಟಿದೆ, ಪೆಟ್ಟು ಬಿದ್ದು ಎಷ್ಟು ಹೊತ್ತಾಯಿತು, ಉಗುರಿನ ಅಂಚು ಗಟ್ಟಿಯಾಗಿ ಕೂತಿದೆಯಾ ಎಂಬ ಮೂರು ವಿಷಯಗಳಿಂದ ತೀರ್ಮಾನ ಆಗುತ್ತದೆ. ಉಗುರೆಲ್ಲಾ ಕಪ್ಪಾಗಿದ್ದರೂ ನೋವಿಲ್ಲದಿದ್ದರೆ ಏನೂ ಮಾಡಬೇಕಾಗಿಲ್ಲ. ಕಾಲುಭಾಗ ಮಾತ್ರ ಕಪ್ಪಾಗಿದ್ದು ರಾತ್ರಿಯಿಡೀ ನಿದ್ದೆ ಬರದಿದ್ದರೆ ತೆಗೆಸಬೇಕಾಗಬಹುದು.

ಒಳಗೆ ಏನಾಗಿರುತ್ತದೆ

ಉಗುರಿನ ಕೆಳಗೆ ತೆಳುವಾದ, ರಕ್ತನಾಳ ತುಂಬಿದ ಮೆತ್ತನೆಯ ಹಾಸು ಇರುತ್ತದೆ. ಡಾಕ್ಟರುಗಳು ಅದನ್ನು ನೇಲ್ ಬೆಡ್ ಅನ್ನುತ್ತಾರೆ. ಆ ಹಾಸಿನ ಕೆಳಗೆ ನೇರವಾಗಿ ಮೂಳೆ. ನಡುವೆ ಕೊಬ್ಬು ಇಲ್ಲ, ಮಾಂಸ ಇಲ್ಲ. ಮೇಲಿನಿಂದ ಭಾರ ಬಿದ್ದಾಗ ಉಗುರಿಗೂ ಮೂಳೆಗೂ ನಡುವೆ ಸಿಕ್ಕಿಕೊಂಡ ಹಾಸು ಹರಿದು ರಕ್ತ ಒಸರುತ್ತದೆ.

ತೊಡೆಗೆ ಪೆಟ್ಟಾದರೆ ರಕ್ತ ಸುತ್ತಲೂ ಹರಡಿಕೊಳ್ಳುತ್ತದೆ, ನೀಲಿಗಟ್ಟುತ್ತದೆ, ಅಷ್ಟೆ. ಇಲ್ಲಿ ಹರಡಲು ಜಾಗವೇ ಇಲ್ಲ. ಮೇಲೆ ಗಟ್ಟಿ ಉಗುರು, ಕೆಳಗೆ ಗಟ್ಟಿ ಮೂಳೆ. ಹಾಗಾಗಿ ಕೆಲವೇ ಹನಿ ರಕ್ತ ಸೇರಿದರೂ ಒತ್ತಡ ಏರುತ್ತದೆ. ಎದೆ ಬಡಿದಂತೆಲ್ಲ ಬೆರಳೂ ಬಡಿದುಕೊಳ್ಳುತ್ತದೆ. ಕಾಲು ಕೆಳಗೆ ಬಿಟ್ಟರೆ ನೋವು ಜಾಸ್ತಿ, ಮೇಲೆತ್ತಿದರೆ ಸ್ವಲ್ಪ ಕಡಿಮೆ. ಪೆಟ್ಟು ಬಿದ್ದಾಗ ಆಗುವ ನೋವು ಬೇರೆ, ಎರಡು ಮೂರು ಗಂಟೆ ಕಳೆದ ಮೇಲೆ ಶುರುವಾಗುವ ಈ ಮಿಡಿತದ ನೋವು ಬೇರೆ. ರಕ್ತ ತೆಗೆದರೆ ಹೋಗುವುದು ಈ ಎರಡನೆಯದು ಮಾತ್ರ.

ಮೊದಲ ಅರ್ಧ ಗಂಟೆ

ಕೂತುಕೊಳ್ಳಿ. ಚಪ್ಪಲಿ, ಸಾಕ್ಸ್ ತೆಗೆಯಿರಿ. ಹೆಂಗಸರಾದರೆ ಐಸ್ ಹುಡುಕುವ ಮೊದಲು ಕಾಲುಂಗುರ, ಪಿಲ್ಲಿ ತೆಗೆದುಬಿಡಿ. ಪೆಟ್ಟು ಹೆಬ್ಬೆರಳಿಗೆ ಬಿದ್ದಿದ್ದರೂ ಪಕ್ಕದ ಬೆರಳಿಗೆ ಊತ ಬರುತ್ತದೆ. ಗಂಟೆ ಕಳೆದ ಮೇಲೆ ಉಂಗುರ ಮಾಂಸದಲ್ಲಿ ಹೂತುಕೊಂಡು ಕೂರುತ್ತದೆ. ಬೆಳ್ಳಿ ಕಾಲುಂಗುರ ಎಷ್ಟೋ ಸಲ ಹಿಂದುಗಡೆ ಸೀಳಿರುತ್ತದೆ, ಎರಡೂ ತುದಿ ಹಿಡಿದು ಮೆಲ್ಲಗೆ ಅಗಲಿಸಿದರೆ ಬಿಟ್ಟುಕೊಳ್ಳುತ್ತದೆ. ಸೀಳಿಲ್ಲದಿದ್ದರೆ ಸೋಪಿನ ನೀರು ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸುತ್ತಾ ತೆಗೆಯಿರಿ. ಬರಲೇ ಇಲ್ಲ, ಬೆರಳು ಬೆಳ್ಳಗೋ ನೀಲಿಗೋ ತಿರುಗುತ್ತಿದೆ ಅನ್ನಿಸಿದರೆ ಕೂಡಲೇ ಆಸ್ಪತ್ರೆಗೆ ಬಂದು ಕತ್ತರಿಸಿಸಿ. "ಮುತ್ತೈದೆ ಕಾಲುಂಗುರ ಕತ್ತರಿಸಬಾರದು" ಎಂದು ಅತ್ತೆ ತಡೆದು, ಬೆರಳು ನೀಲಿಯಾದ ಮೇಲೆ ಕರೆತಂದವರನ್ನು ನೋಡಿದ್ದೇನೆ. ಬೆಳ್ಳಿ ಮತ್ತೆ ಮಾಡಿಸಬಹುದು ಅಲ್ವಾ?

ಆಮೇಲೆ ಐಸ್. ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ತೆಗೆಯಿರಿ, ಗಂಟೆ ಎರಡು ಗಂಟೆ ಬಿಟ್ಟು ಮತ್ತೆ ಇಡಿ. ನೇರವಾಗಿ ಚರ್ಮಕ್ಕೆ ಐಸ್ ಒತ್ತಬೇಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಐಸಿನಿಂದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ, ಅಂಥವರು ಐಸನ್ನು ಬಿಟ್ಟೇಬಿಡುವುದು ಒಳ್ಳೆಯದು. ಮಲಗಿ ಕಾಲಡಿಗೆ ಎರಡು ದಿಂಬು ಇಟ್ಟುಕೊಂಡು ಕಾಲನ್ನು ಎದೆಗಿಂತ ಎತ್ತರದಲ್ಲಿ ಇಡಿ. ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಅಷ್ಟು ಎತ್ತರ ಸಿಗುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಇದನ್ನು ಶ್ರದ್ಧೆಯಿಂದ ಮಾಡಿದರೆ ಉಗುರಿನಡಿ ಸೇರುವ ರಕ್ತ ಕಡಿಮೆಯಾಗುತ್ತದೆ. ಎಷ್ಟೋ ಜನರಿಗೆ ಅಲ್ಲಿಗೇ ಮುಗಿಯುತ್ತದೆ.

ನೋವಿಗೆ ದೊಡ್ಡವರು ಪ್ಯಾರಾಸಿಟಮಾಲ್ 500 ಅಥವಾ 650 ಮಾತ್ರೆ ತೆಗೆದುಕೊಳ್ಳಬಹುದು. ಆರು ಗಂಟೆ ಅಂತರ ಇರಲಿ, ದಿನಕ್ಕೆ ನಾಲ್ಕು ದಾಟಬೇಡಿ. ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಐಬುಪ್ರೊಫೆನ್ ಊಟವಾದ ಮೇಲೆ ಆಗಬಹುದು, ಆದರೆ ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೆ ಬೇಡ. ನೋವಿಗೆಂದು ಆಸ್ಪಿರಿನ್ ನುಂಗಬೇಡಿ, ರಕ್ತ ಇನ್ನಷ್ಟು ಒಸರುತ್ತದೆ. ಹೃದಯಕ್ಕೆಂದು ಡಾಕ್ಟರೇ ಬರೆದುಕೊಟ್ಟ ಆಸ್ಪಿರಿನ್ ಇದ್ದರೆ ಅದನ್ನು ನೀವಾಗಿಯೇ ನಿಲ್ಲಿಸಲೂಬೇಡಿ.

ಮನೆಯಲ್ಲಿ ಹಿರಿಯರಿದ್ದರೆ ಅಷ್ಟರಲ್ಲಿ ಬಿಸಿನೀರು ಕಾಯುತ್ತಿರುತ್ತದೆ, ಎಣ್ಣೆ ಹಚ್ಚಿ ತಿಕ್ಕಲು ಯಾರೋ ಕೂತಿರುತ್ತಾರೆ. ಎರಡೂ ಬೇಡ. ಮೊದಲ ಎರಡು ದಿನ ಶಾಖ ಕೊಟ್ಟರೆ, ತಿಕ್ಕಿದರೆ, ರಕ್ತ ಜಾಸ್ತಿ ಒಸರುತ್ತದೆ. ಸುಣ್ಣ ಅರಿಶಿನ ಕಲಸಿ ಹಚ್ಚುವುದೂ ಬೇಡ. ಸುಣ್ಣ ಚರ್ಮ ಸುಡುತ್ತದೆ, ಅರಿಶಿನದ ಬಣ್ಣ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಆಮೇಲೆ ಬೆರಳು ಕೆಂಪಾಗಿದೆಯೋ ಇಲ್ಲವೋ ನಮಗೂ ಕಾಣುವುದಿಲ್ಲ.

ಬೆಳಕಿನಲ್ಲಿ ಇಟ್ಟು ನೋಡಿ

ನೋವು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಕಾಲನ್ನು ತಣ್ಣೀರಿನಲ್ಲಿ ತೊಳೆದು ಒಳ್ಳೆ ಬೆಳಕಿನಲ್ಲಿ ನೋಡಿ. ಮೊದಲು ಉಗುರಿನ ಸುತ್ತ ಕಣ್ಣಾಡಿಸಿ. ಎರಡೂ ಬದಿಯಲ್ಲಿ ಉಗುರು ಚರ್ಮದ ಒಳಗೆ ಸರಿಯಾಗಿ ಕೂತಿದೆಯಾ? ಬುಡದಲ್ಲಿ ಚರ್ಮದ ಕೆಳಗಿನಿಂದ ಹೊರಗೆ ಎದ್ದು ಬಂದಿದೆಯಾ? ಉಗುರು ಸೀಳಿದೆಯಾ? ಅಂಚಿನಿಂದ ರಕ್ತ ಹೊರಗೆ ಸುರಿಯುತ್ತಿದೆಯಾ?

ಉಗುರು ಬುಡದಿಂದ ಎದ್ದಿದ್ದರೆ, ಸೀಳಿದ್ದರೆ, ಕೆಳಗಿನ ಹಾಸು ಚೆನ್ನಾಗಿಯೇ ಹರಿದಿರುವ ಸಾಧ್ಯತೆ ಇದೆ. ಅದು ಉಗುರಿಗೆ ತೂತು ಕೊರೆದು ರಕ್ತ ತೆಗೆದು ಬಿಡುವ ಗಾಯವಲ್ಲ. ಬೆರಳು ಮರಗಟ್ಟಿಸಿ, ಉಗುರು ಎತ್ತಿ, ಹಾಸನ್ನು ತಾನಾಗಿ ಕರಗುವ ಸಣ್ಣ ದಾರದಲ್ಲಿ ಹೊಲಿಯಬೇಕಾಗಬಹುದು. ಹೊಲಿಗೆಯ ಮೇಲೆ ಅದೇ ಉಗುರನ್ನು ತೊಳೆದು ಮುಚ್ಚಳದ ಹಾಗೆ ಮತ್ತೆ ಕೂರಿಸುವುದೂ ಉಂಟು. ಹಾಗಾಗಿ ಕಿತ್ತುಬಂದ ಉಗುರನ್ನು ಕಸಕ್ಕೆ ಎಸೆಯಬೇಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಜೊತೆಗೆ ತನ್ನಿ.

ಇನ್ನೊಂದು, ಮೂಳೆ. ಬೆರಳಿನ ತುದಿಯನ್ನು ಪಾದದ ಕಡೆಗೆ ಮೆಲ್ಲಗೆ ಒತ್ತಿ. ಉಗುರನ್ನು ಮುಟ್ಟಬೇಡಿ, ತುದಿಯನ್ನು ಮಾತ್ರ. ಒಳಗೆ ಚುಳ್ ಎಂದರೆ ಮೂಳೆ ಬಿರುಕು ಬಿಟ್ಟಿರಬಹುದು. ಬೆರಳು ಸೊಟ್ಟಗಾಗಿದ್ದರೆ, ತುದಿಯ ಗೆಣ್ಣು ಮಡಚಲು ಅಥವಾ ಎತ್ತಲು ಆಗದಿದ್ದರೆ, ಪೂರ್ತಿ ಬೆರಳು ನೀಲಿಗಟ್ಟಿ ಊದಿದ್ದರೆ ಎಕ್ಸ್-ರೇ ಬೇಕು. ಪೆಟ್ಟು ಹೆಬ್ಬೆರಳಿಗೆ ಬಿದ್ದಿದ್ದು ಜೋರಾಗಿ ಊದಿದ್ದರೂ ಎಕ್ಸ್-ರೇ ತೆಗೆಸಿಬಿಡಿ ಎನ್ನುವುದು ನನ್ನ ಸಲಹೆ. ಕಿರುಬೆರಳ ಮೂಳೆ ಬಿರುಕು ಪಕ್ಕದ ಬೆರಳಿಗೆ ಕಟ್ಟಿಕೊಂಡರೆ ವಾಸಿಯಾಗುತ್ತದೆ. ಹೆಬ್ಬೆರಳು ಹಾಗಲ್ಲ, ನಡೆಯುವಾಗ ಮುಂದಕ್ಕೆ ನೂಕುವುದೇ ಅದು.

ಕೊನೆಗೆ ಬೆರಳಿನ ತುದಿಯ ಅಡಿಭಾಗವನ್ನು ಒತ್ತಿ ಬಿಡಿ. ಬಿಳಿಚಿದ ಚರ್ಮಕ್ಕೆ ಎರಡು ಸೆಕೆಂಡಿನಲ್ಲಿ ಮತ್ತೆ ಬಣ್ಣ ಬರಬೇಕು. ಮುಟ್ಟಿದ್ದು ಗೊತ್ತಾಗಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಬೆಳಗಾಗುವವರೆಗೆ ಕಾಯಬೇಡಿ.

ಮಕ್ಕಳ ವಿಷಯ ಬೇರೆಯೇ. ಮಗುವಿನ ಉಗುರಿನ ಬುಡದಲ್ಲಿ ರಕ್ತ ಕಂಡರೆ, ಪೆಟ್ಟಾದ ಉಗುರು ಇನ್ನೊಂದು ಕಾಲಿನ ಉಗುರಿಗಿಂತ ಉದ್ದವಾಗಿ ಕಂಡರೆ, ಮೂಳೆ ಬೆಳೆಯುವ ಜಾಗದಲ್ಲೇ ಮುರಿದು ಉಗುರಿನ ಬುಡ ಹೊರಗೆ ಹಾರಿರಬಹುದು. ನೋಡಲು ಸಣ್ಣ ಗಾಯ. ಆದರೆ ಅದು ಹೊರಗಿನ ಗಾಳಿಗೆ ತೆರೆದುಕೊಂಡ ಮೂಳೆ ಮುರಿತ. ಬಿಟ್ಟರೆ ಮೂಳೆಗೆ ಕೀವು ಹಿಡಿಯಬಹುದು, ಬೆರಳಿನ ಬೆಳವಣಿಗೆ ನಿಲ್ಲಬಹುದು. ಅವತ್ತೇ ಮೂಳೆ ಡಾಕ್ಟರಿಗೆ ತೋರಿಸಬೇಕು.

ತೆಗೆಸಬೇಕೋ ಬೇಡವೋ

ಉಗುರಿನ ಅಂಚು ಗಟ್ಟಿಯಾಗಿದೆ, ಪೆಟ್ಟು ಬಿದ್ದು ಒಂದು ದಿನದೊಳಗೆ, ಹೆಚ್ಚೆಂದರೆ ಎರಡು ದಿನದೊಳಗೆ ಇದ್ದೀರಿ, ಮಾತ್ರೆ ನುಂಗಿ ಕಾಲು ಎತ್ತಿಟ್ಟರೂ ಮಿಡಿತದ ನೋವು ಬಿಡುತ್ತಿಲ್ಲ ಎಂದಾದರೆ ತೆಗೆಸಿ. ಅದರಿಂದ ಸಿಗುವ ಆರಾಮ ದೊಡ್ಡದು.

ನೋವು ಇಲ್ಲ ಅಥವಾ ತಡೆದುಕೊಳ್ಳುವಷ್ಟಿದೆ ಎಂದಾದರೆ ಬಿಡಿ. ಆ ರಕ್ತ ಅಲ್ಲಿ ಕೂತಿದ್ದರಿಂದ ಕೆಡುಕೇನೂ ಇಲ್ಲ. ಅದು ವಿಷವಾಗುವುದಿಲ್ಲ, ಮೇಲೆ ಏರುವುದಿಲ್ಲ. "ಕೆಟ್ಟ ರಕ್ತ ಒಳಗೇ ಇದ್ದರೆ ಬೆರಳು ಕೊಳೆಯುತ್ತೆ" ಎನ್ನುವ ಮಾತಿಗೆ ಆಧಾರ ಇಲ್ಲ. ತೂತು ಮಾಡಿಸದ ಉಗುರಿನ ಕೆಳಗೆ ರಕ್ತ ಮುಚ್ಚಿದ ಜಾಗದಲ್ಲಿ ಶುದ್ಧವಾಗಿಯೇ ಇರುತ್ತದೆ. ತೂತು ಮಾಡಿದ ಮೇಲೆಯೇ ಹೊರಗಿನ ಕೊಳೆಗೆ ದಾರಿ ಸಿಗುವುದು.

ಎರಡು ದಿನ ದಾಟಿದೆ ಎಂದಾದರೂ ಬಿಡಿ. ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ತೂತು ಮಾಡಿದರೂ ಹೊರಗೆ ಬರುವುದಿಲ್ಲ. ನೋವೂ ಸಾಮಾನ್ಯವಾಗಿ ಇಳಿಮುಖವಾಗಿರುತ್ತದೆ. ಅದೇ ನಾಲ್ಕನೇ ದಿನ ನೋವು ಮತ್ತೆ ಏರುತ್ತಿದೆ ಎಂದಾದರೆ ಅದು ರಕ್ತದ ಒತ್ತಡವಲ್ಲ, ಕೀವು ಹಿಡಿಯುತ್ತಿರಬಹುದು.

ಹಿಂದೆ ಲೆಕ್ಕ ಬೇರೆ ಇತ್ತು. ಅರ್ಧಕ್ಕಿಂತ ಜಾಸ್ತಿ ಉಗುರು ಕಪ್ಪಾಗಿದ್ದರೆ ಉಗುರನ್ನೇ ಕಿತ್ತು ಕೆಳಗಿನ ಹಾಸನ್ನು ಹೊಲಿಯಬೇಕು ಎಂದು ಕಲಿಸುತ್ತಿದ್ದರು. 1990ರ ದಶಕದಲ್ಲಿ ರೋಗಿಗಳನ್ನು ತಿಂಗಳುಗಟ್ಟಲೆ ಗಮನಿಸಿ ನೋಡಿದಾಗ, ಉಗುರಿನ ಅಂಚು ಗಟ್ಟಿಯಾಗಿದ್ದರೆ ಬರೀ ತೂತು ಮಾಡಿ ಬಿಟ್ಟರೂ ಹೊಸ ಉಗುರು ಚೆನ್ನಾಗಿಯೇ ಬರುತ್ತದೆ ಎಂದು ಗೊತ್ತಾಯಿತು. ಈಗಲೂ ಕಪ್ಪು ನೋಡಿದ ತಕ್ಷಣ "ಉಗುರು ತೆಗೆದುಬಿಡೋಣ" ಎನ್ನುವವರು ಸಿಗುತ್ತಾರೆ. ಅಂಚು ಸರಿಯಿದ್ದು, ಮೂಳೆ ಜರುಗಿಲ್ಲ ಎಂದಾದರೆ "ಬರೀ ತೂತು ಮಾಡಿದರೆ ಸಾಲದಾ ಸಾರ್?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಒಬ್ಬರ ಬೆರಳಿನ ಕತೆ

ಟೈಲ್ಸ್ ಕೆಲಸದ ಒಬ್ಬರು, ವಯಸ್ಸು ನಲವತ್ತರ ಆಸುಪಾಸು. ಹಿಂದಿನ ಸಂಜೆ ಏಳಕ್ಕೆ ಮನೆಯಲ್ಲಿ ಸಿಲಿಂಡರ್ ಬದಲಾಯಿಸುವಾಗ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿಯ ಹೆಗಲು ಹಿಡಿದು ಕುಂಟುತ್ತಾ ಬಂದರು. "ರಾತ್ರಿಯೆಲ್ಲಾ ನಿದ್ದೆ ಇಲ್ಲ ಸಾರ್. ಹೊದಿಕೆ ತಾಗಿದ್ರೂ ಜೀವ ಹೋಗುತ್ತೆ." ಅವರ ಅಣ್ಣ ದಬ್ಬಣ ಕಾಯಿಸಿ ಚುಚ್ಚಿಬಿಡೋಣ ಅಂದಿದ್ದರಂತೆ. ಹೆಂಡತಿ ಬಿಟ್ಟಿರಲಿಲ್ಲ.

ಉಗುರಿನ ಮೂರರಲ್ಲಿ ಎರಡು ಭಾಗ ಕಡುನೇರಳೆ. ಅಂಚೆಲ್ಲ ಗಟ್ಟಿ. ತುದಿ ಒತ್ತಿದರೆ ಹಲ್ಲು ಕಚ್ಚಿದರು. ಎಕ್ಸ್-ರೇಯಲ್ಲಿ ಮೂಳೆಯ ತುದಿಗೆ ಸಣ್ಣ ಬಿರುಕು, ಚೂರು ಎಲ್ಲೂ ಜರುಗಿರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ರಕ್ತ ತೆಳುವಾಗಿಸುವ ಮಾತ್ರೆ ಇಲ್ಲ. ಪೆಟ್ಟಾಗಿ 14 ಗಂಟೆ. ಇಂಥವರಿಗೇ ತೂತು ಮಾಡುವುದು.

"ಇಂಜೆಕ್ಷನ್ ಕೊಡ್ತೀರಾ?" ಎಂದರು. ಉಗುರಿನಲ್ಲಿ ನರ ಇಲ್ಲ, ಕೂದಲಿನ ಹಾಗೆ ಅದು ಸತ್ತ ವಸ್ತು. ಹಾಗಾಗಿ ಬರೀ ತೂತು ಮಾಡಲು ಸಾಮಾನ್ಯವಾಗಿ ಇಂಜೆಕ್ಷನ್ ಬೇಕಾಗುವುದಿಲ್ಲ. ಬೆರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವುದೇ ಇದಕ್ಕಿಂತ ಜಾಸ್ತಿ ನೋವು. ಆದರೆ ಹೆದರಿ ಕಾಲು ಎಳೆದುಕೊಳ್ಳುವ ಮಕ್ಕಳಿಗೆ, ಮುಟ್ಟಲೇ ಬಿಡದಷ್ಟು ನೋವಿದ್ದವರಿಗೆ ಕೊಡುತ್ತೇವೆ.

ಬೆರಳನ್ನು ಪೊವಿಡೋನ್ ಅಯೋಡಿನ್ನಿಂದ ಒರೆಸಿ ಒಣಗಲು ಬಿಟ್ಟೆವು. ಸ್ಪಿರಿಟ್ ಹಚ್ಚಿ ಹಸಿಯಿರುವಾಗಲೇ ತೂತು ಮಾಡುವ ಬಿಸಿ ತಂತಿ ತಂದರೆ ಬೆಂಕಿ ಹತ್ತುತ್ತದೆ. ನೇಲ್ ಪಾಲಿಶ್ ಇದ್ದರೆ ಮೊದಲೇ ತೆಗೆಯಬೇಕು, ಅಂಟಿಸಿದ ಕೃತಕ ಉಗುರು ಇದ್ದರೆ ಬಿಸಿ ತಂತಿ ಬಳಸಲೇಬಾರದು. ಇವರಿಗೆ ಅದೇನೂ ಇರಲಿಲ್ಲ, ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟ್ ಇತ್ತು, ಅದನ್ನು ತೊಳೆಯಲು ಐದು ನಿಮಿಷ ಹಿಡಿಯಿತು.

ಕಾಟರಿ ಎಂಬ, ಬ್ಯಾಟರಿಯಿಂದ ತಂತಿ ಕಾಯಿಸುವ ಪೆನ್ನಿನಂಥ ಸಾಧನದ ತುದಿ ಕೆಂಪಾದ ಮೇಲೆ ರಕ್ತ ಹೆಚ್ಚು ತುಂಬಿದ ಜಾಗದ ನಡುವೆ, ನೇರವಾಗಿ ಇಟ್ಟರೆ ಸಾಕು, ಒತ್ತಬೇಕಾಗಿಲ್ಲ. ಕೂದಲು ಸುಟ್ಟ ವಾಸನೆ ಬರುತ್ತದೆ. ಉಗುರು ತೂತಾದ ಕ್ಷಣ ತಂತಿಗೆ ರಕ್ತ ತಾಗಿ ಚುಯ್ ಎಂದು ತಣ್ಣಗಾಗುತ್ತದೆ. ಕೆಳಗಿನ ಹಾಸು ಸುಡದಂತೆ ಕಾಪಾಡುವುದು ಆ ರಕ್ತವೇ. ಕೈ ಅಲ್ಲಿಗೇ ನಿಲ್ಲಬೇಕು. ಕಾಟರಿ ಇಲ್ಲದ ಕಡೆ ಗುಲಾಬಿ ಬುಡದ 18 ನಂಬರ್ ಸೂಜಿಯನ್ನು ಎರಡು ಬೆರಳ ನಡುವೆ ಹೊರಳಿಸುತ್ತಾ ಮೆಲ್ಲಗೆ ಕೊರೆಯುತ್ತೇವೆ. ಅದೂ ಆಗುತ್ತದೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ಯಾವುದೇ ಆದರೂ ಉಗುರಿನ ಬುಡದ ಬಿಳಿ ಅರ್ಧಚಂದ್ರದ ಮೇಲೆ ಮಾತ್ರ ಕೊರೆಯಬಾರದು. ಹೊಸ ಉಗುರು ಹುಟ್ಟುವ ಜಾಗ ಅದು. ಅಲ್ಲಿ ಗಾಯವಾದರೆ ಮುಂದೆ ಉಗುರು ಜೀವನಪೂರ್ತಿ ಸೀಳಿಕೊಂಡೇ ಬರಬಹುದು.

ಎರಡು ತೂತು ಮಾಡಿದೆವು, ಒಂದೊಂದೂ ಸುಮಾರು ಎರಡು ಮಿಲಿಮೀಟರ್. ಅದಕ್ಕಿಂತ ಸಣ್ಣದಾದರೆ ಹೆಪ್ಪು ಕೂತು ಬೇಗ ಮುಚ್ಚಿಕೊಳ್ಳುತ್ತದೆ. ಕಪ್ಪು ರಕ್ತ ಕೆಲವು ಹನಿ ಉಕ್ಕಿ ಬಂತು. ಉಗುರಿನ ಮೇಲೆ ಮೆಲ್ಲಗೆ ಒತ್ತಿದಾಗ ಇನ್ನೆರಡು ಹನಿ. ಅವರು "ಅಬ್ಬಾ" ಎಂದು ಹಿಂದಕ್ಕೆ ಒರಗಿದರು. ಒತ್ತಡ ಇಳಿದರೆ ಆರಾಮ ಆಗಲೇ ಸಿಗುತ್ತದೆ. ತೂತು ಮಾಡಿದ ಮೇಲೂ ಮಿಡಿತ ಹಾಗೇ ಇದ್ದರೆ ತೂತು ರಕ್ತ ಇರುವ ಜಾಗಕ್ಕೆ ತಲುಪಿಲ್ಲ, ಇಲ್ಲವೇ ನೋವು ಮೂಳೆಯದ್ದು ಎಂದು ತಿಳಿಯಬೇಕು.

ಇದನ್ನೇ ಮನೆಯಲ್ಲಿ ಮಾಡಿಕೊಳ್ಳಬಾರದಾ?

ಈ ಪ್ರಶ್ನೆ ಬಂದೇ ಬರುತ್ತದೆ. ಪಿನ್ನು ಕಾಯಿಸಿ ಚುಚ್ಚುವ ವಿಡಿಯೋ ಬೇಕಾದಷ್ಟಿವೆ. ತತ್ವ ಒಂದೇ ಎನ್ನುವುದೂ ನಿಜ. ನಾನು ಬೇಡ ಎನ್ನುವುದು ಎಕ್ಸ್-ರೇ ಕಾರಣಕ್ಕೆ. ಮೇಲೆ ಹೇಳಿದವರ ಮೂಳೆ ಬಿರುಕು ಬಿಟ್ಟಿತ್ತು, ಹೊರಗಿನಿಂದ ಗೊತ್ತಾಗುವಂತಿರಲಿಲ್ಲ. ಆ ಉಗುರಿಗೆ ತೂತು ಮಾಡಿದರೆ ಹೊರಗಿನ ಕೊಳೆಗೂ ಮುರಿದ ಮೂಳೆಗೂ ನಡುವೆ ದಾರಿ ಮಾಡಿದ ಹಾಗೆ. ಶುದ್ಧವಾಗಿ ಮಾಡಿ, ಕಟ್ಟು ಹಾಕಿ, ಮೇಲೆ ನಿಗಾ ಇಟ್ಟರೆ ತೊಂದರೆ ಅಪರೂಪ. ದಬ್ಬಣದಿಂದ ಮಾಡಿ ಮಾರನೇ ದಿನ ಸಿಮೆಂಟ್ ತುಳಿಯಲು ಹೋದರೆ ಮೂಳೆಗೇ ಕೀವು ಹಿಡಿಯಬಹುದು. ಅದಕ್ಕೆ ವಾರಗಟ್ಟಲೆ ಆಂಟಿಬಯಾಟಿಕ್ ಬೇಕು.

ಇನ್ನೊಂದು ಕಾರಣ ಕೈ. ಕಾದ ಪಿನ್ನು ಉಗುರು ತಾಗುತ್ತಲೇ ಆರುತ್ತದೆ. ಒಳಗೆ ಹೋಗಲಿಲ್ಲವೆಂದು ಒತ್ತುತ್ತೀರಿ. ಒಮ್ಮೆಗೇ ತೂತಾದಾಗ ಪಿನ್ನು ಕೆಳಗಿನ ಹಾಸಿನೊಳಗೆ ನೆಡುತ್ತದೆ. ನರ ಇರುವುದೆಲ್ಲ ಅಲ್ಲೇ.

ಸಕ್ಕರೆ ಕಾಯಿಲೆ, ಕಾಲಿನ ರಕ್ತಸಂಚಾರದ ತೊಂದರೆ ಇದ್ದವರು, ವಾರ್ಫರಿನ್, ಕ್ಲೋಪಿಡೋಗ್ರೆಲ್ ತರಹದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿ ಚುಚ್ಚುವುದನ್ನು ಯೋಚನೆಯನ್ನೂ ಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಮೇಲೆ "ನೋವಿಲ್ಲದಿದ್ದರೆ ಬಿಡಿ" ಎಂದದ್ದು ನಿಮಗೆ ಅನ್ವಯಿಸುವುದಿಲ್ಲ. ಜೋಮು ಹಿಡಿದ ಕಾಲಿಗೆ ಮೂಳೆ ಮುರಿದರೂ ನೋವಾಗದೆ ಇರಬಹುದು. ಉಗುರು ಕಪ್ಪಾದರೆ ಅವತ್ತೋ ಮಾರನೇ ದಿನವೋ ತೋರಿಸಿ.

ತೂತು ಮಾಡಿಸಿದ ಮೇಲೆ

ಒಂದೆರಡು ದಿನ ತೂತಿನಿಂದ ರಕ್ತ, ಕೆಂಪು ನೀರು ಒಸರುತ್ತದೆ. ಒಸರಲಿ, ಅದಕ್ಕೇ ಮಾಡಿದ್ದು. ಮೇಲೆ ಒಣ ಗಾಜ್ ಇಟ್ಟು ಸಡಿಲವಾಗಿ ಕಟ್ಟಿ, ದಿನಕ್ಕೊಮ್ಮೆ ಅಥವಾ ಒದ್ದೆಯಾದಾಗ ಬದಲಾಯಿಸಿ. ಎರಡು ದಿನ ಕಾಲು ಒಣಗಿರಬೇಕು, ಸ್ನಾನಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ಉಪ್ಪುನೀರಿನಲ್ಲಿ, ಡೆಟ್ಟಾಲ್ ನೀರಿನಲ್ಲಿ ಕಾಲು ಅದ್ದಿ ಕೂರಬೇಡಿ. ನೆನೆದ ಉಗುರಿನಡಿಗೆ ಅದೇ ತೂತಿನಿಂದ ನೀರು ನುಗ್ಗುತ್ತದೆ. ಗದ್ದೆ ಕೆಸರು, ಗಾರೆ ನೀರಿನ ಕೆಲಸ ಇರುವವರು ತೂತು ಒಣಗಿ ಮುಚ್ಚುವವರೆಗೆ ಬೂಟಿಲ್ಲದೆ ಇಳಿಯಬೇಡಿ.

ಆಂಟಿಬಯಾಟಿಕ್ ಮಾತ್ರೆ ಎಲ್ಲರಿಗೂ ಬೇಕಿಲ್ಲ. ಚರ್ಮ ಒಡೆಯದೆ ಒಳಗೆ ಮಾತ್ರ ರಕ್ತ ಕಟ್ಟಿದ್ದರೆ ಟಿಟಿ ಇಂಜೆಕ್ಷನ್‌ಗೂ ಅವಸರ ಇಲ್ಲ. ಚರ್ಮ ಹರಿದು ಮಣ್ಣು ತಾಗಿದ್ದರೆ ಕೊನೆಯ ಇಂಜೆಕ್ಷನ್ ಯಾವಾಗ ಆಗಿತ್ತೆಂದು ನೆನಪಿಸಿಕೊಳ್ಳಿ. ಐದು ವರ್ಷ ದಾಟಿದ್ದರೆ ಹಾಕಿಸಿಕೊಳ್ಳಿ, ಸ್ವಚ್ಛವಾದ ಸಣ್ಣ ಗಾಯವಾದರೆ ಹತ್ತು ವರ್ಷದ ಲೆಕ್ಕ. ಈಗ ಹೆಚ್ಚಾಗಿ ಟಿಟಿ ಬದಲು ಟಿಡಿ ಎಂಬ ಇಂಜೆಕ್ಷನ್ ಕೊಡುತ್ತಾರೆ. ಧನುರ್ವಾಯುವಿನ ಜೊತೆ ಡಿಫ್ತೀರಿಯಾಗೂ ಆಗುತ್ತದೆ, ಗಾಬರಿಯಾಗಬೇಡಿ.

ಟೈಲ್ಸ್ ಕೆಲಸದವರಿಗೆ ಹೆಬ್ಬೆರಳು, ಎರಡನೇ ಬೆರಳ ನಡುವೆ ಹತ್ತಿ ಇಟ್ಟು, ಎರಡನ್ನೂ ಸೇರಿಸಿ ಅಂಟುವ ಪ್ಲಾಸ್ಟರ್ ಸುತ್ತಿದೆವು. ಹತ್ತಿ ಇಡದೆ ಸುತ್ತಿದರೆ ಬೆವರಿಗೆ ಸಂದಿ ಕೊಳೆಯುತ್ತದೆ. ಅಡಿ ಬಗ್ಗದ, ಮುಂದೆ ತೆರೆದ ಚಪ್ಪಲಿ ಹಾಕಿಕೊಳ್ಳಲು ಹೇಳಿದೆವು. ಮೆತ್ತನೆಯ ಹವಾಯಿ ಚಪ್ಪಲಿ ಹೆಜ್ಜೆ ಹೆಜ್ಜೆಗೂ ಬಗ್ಗಿ ಬಿರುಕನ್ನು ಅಲುಗಿಸುತ್ತದೆ. ಇಂಥ ಬಿರುಕು ಕೂಡಲು ನಾಲ್ಕರಿಂದ ಆರು ವಾರ ಬೇಕು. ಅವರ ಮುಂದಿನ ಪ್ರಶ್ನೆ ಬೈಕ್. ಬಲಗಾಲಿನ ಹೆಬ್ಬೆರಳಿನಿಂದ ಬ್ರೇಕ್ ಒತ್ತಲು ಆಗುವುದಿಲ್ಲ, ಹಾಗಾಗಿ ಬೇಡವೇ ಬೇಡ. ಎಡಗಾಲಾದರೆ ಗೇರ್ ಎತ್ತುವಾಗ ಪೆಡಲ್ ಸರಿಯಾಗಿ ಉಗುರಿಗೇ ತಾಗುತ್ತದೆ, ಅದೂ ಬೇಡ.

ವಾಪಸ್ ಬರಬೇಕಾದ ಲಕ್ಷಣ ಇವು: ಇಳಿದಿದ್ದ ನೋವು ಎರಡು ಮೂರು ದಿನದ ಮೇಲೆ ಮತ್ತೆ ಏರುವುದು, ಬೆರಳು ಬಿಸಿಯಾಗಿ ಕೆಂಪು ಪಾದದ ಕಡೆ ಹರಡುವುದು, ಕೀವು, ವಾಸನೆ, ಜ್ವರ. ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಎರಡೂ ಕಾಲಿನ ಹೆಬ್ಬೆರಳನ್ನು ಹಿಂಗೈಯಿಂದ ಮುಟ್ಟಿ, ಒಂದು ಬಿಸಿ ಒಂದು ತಂಪು ಇದ್ದರೆ ಗೊತ್ತಾಗುತ್ತದೆ.

ಮುಂದಿನ ತಿಂಗಳುಗಳು

ತೂತು ಮಾಡಿಸಿದರೂ ಕಪ್ಪು ಪೂರ್ತಿ ಹೋಗುವುದಿಲ್ಲ. ಕೆಳಗಿನ ಹಾಸಿನ ಮೇಲೆ, ಉಗುರಿನ ಅಡಿಗೆ ಅಂಟಿಕೊಂಡ ರಕ್ತ ಒಣಗಿ ಕಂದುಗಪ್ಪಾಗಿ ಉಳಿಯುತ್ತದೆ. ಉಗುರು ಬೆಳೆದಂತೆ ಅದೂ ಮುಂದಕ್ಕೆ ಸರಿಯುತ್ತದೆ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಬೇಕು. "ಮೂರು ತಿಂಗಳಾಯ್ತು, ಇನ್ನೂ ಕಪ್ಪಿದೆ" ಎಂದು ಗಾಬರಿಯಾಗುವವರಿಗೆ ನಾನು ತೋರಿಸುವುದು ಬುಡವನ್ನು. ಬುಡದಲ್ಲಿ ನಾಲ್ಕೈದು ಮಿಲಿಮೀಟರ್ ತಿಳಿ ಉಗುರು ಬಂದಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.

ಇದನ್ನು ತಪ್ಪದೆ ನೋಡಿಕೊಳ್ಳಲು ಕಾರಣ ಇದೆ. ಉಗುರಿನಡಿ ಕಪ್ಪು ಕಾಣಿಸುವ ಇನ್ನೊಂದು ಕಾಯಿಲೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್. ಅಪರೂಪದ್ದು, ಆದರೆ ಉಗುರಿನಲ್ಲಿ ಬಂದರೆ ಕಾಲಿನ ಅಥವಾ ಕೈಯ ಹೆಬ್ಬೆರಳಿಗೇ ಹೆಚ್ಚಾಗಿ ಬರುತ್ತದೆ. "ಯಾವಾಗಲೋ ಎಡವಿದ್ದೆ" ಎಂದು ಜನ ಸುಮ್ಮನಿದ್ದುಬಿಡುತ್ತಾರೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯ ಹೆಬ್ಬೆರಳಿನ ಕಪ್ಪನ್ನೂ ಫುಟ್ಬಾಲ್ ಆಟದ ಪೆಟ್ಟು ಎಂದೇ ಮೊದಲು ತಿಳಿದಿದ್ದರು. 1977ರಲ್ಲಿ ಅದು ಮೆಲನೋಮಾ ಎಂದು ಗೊತ್ತಾಯಿತು, 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು. ಪೆಟ್ಟಿನಿಂದ ಕ್ಯಾನ್ಸರ್ ಆಗುತ್ತದೆ ಎಂದು ಇದರ ಅರ್ಥವಲ್ಲ.

ವ್ಯತ್ಯಾಸ ತಿಳಿಯುವ ಸುಲಭ ಉಪಾಯ ಮೊಬೈಲ್ ಫೋಟೋ. ಪೆಟ್ಟು ಬಿದ್ದ ವಾರದಲ್ಲಿ ಒಂದು ತೆಗೆಯಿರಿ, ಆಮೇಲೆ ತಿಂಗಳಿಗೊಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ರಕ್ತವಾದರೆ ಕಪ್ಪು ಬುಡದಿಂದ ದೂರ ಸರಿಯುತ್ತಾ ಹೋಗುತ್ತದೆ. ಎರಡು ಮೂರು ತಿಂಗಳಾದರೂ ಸರಿಯದೆ ನಿಂತಿದ್ದರೆ, ಬುಡದಿಂದ ತುದಿಯವರೆಗೆ ಪಟ್ಟೆಯಾಗಿದ್ದು ಅಗಲವಾಗುತ್ತಿದ್ದರೆ, ಕಪ್ಪು ಉಗುರಿನ ಸುತ್ತಲಿನ ಚರ್ಮಕ್ಕೂ ಹಬ್ಬಿದ್ದರೆ, ಅಥವಾ ಪೆಟ್ಟೇ ಬೀಳದೆ ಕಾಣಿಸಿಕೊಂಡಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ನಮ್ಮಂಥ ಕಂದು ಚರ್ಮದವರ ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ಇರುವುದು ಸಹಜ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದದ್ದನ್ನು ಗಮನಿಸಬೇಕು.

ತುಂಬಾ ರಕ್ತ ಕಟ್ಟಿದ್ದ ಉಗುರು ಕೆಲವು ವಾರಗಳಲ್ಲಿ ಸಡಿಲವಾಗಿ ಬಿದ್ದುಹೋಗುವುದು ಮಾಮೂಲಿ, ತೂತು ಮಾಡಿಸಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಕೆಳಗಿನಿಂದ ಹೊಸದು ಮೇಲಕ್ಕೆ ತಳ್ಳುತ್ತಿರುತ್ತದೆ. ಅಲುಗಾಡುತ್ತಿದೆ ಎಂದು ಕಿತ್ತುಹಾಕಬೇಡಿ. ಒಂದು ಬದಿ ಇನ್ನೂ ಅಂಟಿರುತ್ತದೆ, ಕಿತ್ತರೆ ಹಾಸು ಮತ್ತೆ ಹರಿಯುತ್ತದೆ. ಎದ್ದ ಭಾಗವನ್ನು ಮಾತ್ರ ಕತ್ತರಿಸಿ, ಉಳಿದದ್ದು ಸಾಕ್ಸಿಗೆ, ಹೊದಿಕೆಗೆ ಸಿಕ್ಕದಂತೆ ಮೇಲೊಂದು ಪ್ಲಾಸ್ಟರ್ ಸುತ್ತಿ. ಆ ಟೈಲ್ಸ್ ಕೆಲಸದವರ ಉಗುರು ಎರಡನೇ ತಿಂಗಳಲ್ಲಿ ಸಾಕ್ಸ್ ಬಿಚ್ಚುವಾಗ ತಾನಾಗಿ ಬಿತ್ತು. ಕೆಳಗೆ ಬುಡದಲ್ಲಿ ತೆಳ್ಳಗಿನ ಹೊಸ ಉಗುರು ಆಗಲೇ ಇತ್ತು.

ಹೊಸ ಉಗುರು ಮೊದಮೊದಲು ಉಬ್ಬುತಗ್ಗಾಗಿ, ಅಡ್ಡ ಗೀರು ಬಿದ್ದಂತೆ ಬರಬಹುದು. ಬೆಳೆಯುತ್ತಾ ಅದು ಸರಿಹೋಗುತ್ತದೆ. ತೊಂದರೆ ಕೊಡುವುದು ಉಗುರು ಬೆರಳಿನ ತುದಿ ಮುಟ್ಟುವ ಹೊತ್ತಿನಲ್ಲಿ. ಅಷ್ಟು ತಿಂಗಳು ಉಗುರಿಲ್ಲದೆ ಇದ್ದುದರಿಂದ ತುದಿಯ ಮಾಂಸ ಮೇಲಕ್ಕೆ ಉಬ್ಬಿರುತ್ತದೆ, ಉಗುರು ಹೋಗಿ ಅದಕ್ಕೆ ಚುಚ್ಚುತ್ತದೆ. ದಿನಾ ಸ್ನಾನವಾದ ಮೇಲೆ ಮೆತ್ತಗಾದ ಆ ಮಾಂಸವನ್ನು ಹೆಬ್ಬೆಟ್ಟಿನಿಂದ ಕೆಳಕ್ಕೆ ಒತ್ತಿ ಹಿಡಿಯಿರಿ, ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಯನ್ನು ಒಳಕ್ಕೆ ಕೊರೆದು ತೆಗೆಯಬೇಡಿ, ಮುಂದೆ ಬಿಗಿಯಾದ ಶೂ ಹಾಕಬೇಡಿ. ಉಗುರು ದಪ್ಪಗೆ ಹಳದಿಯಾಗಿ, ಪುಡಿಪುಡಿಯಾಗಿ ಬರುತ್ತಿದ್ದರೆ ಫಂಗಸ್ ಇರಬಹುದು. ಮುಲಾಮು ಕೊಂಡು ಹಚ್ಚುವ ಮೊದಲು ಉಗುರಿನ ತುಣುಕು ಪರೀಕ್ಷೆಗೆ ಕೊಡಿಸಿ, ಯಾಕೆಂದರೆ ಪೆಟ್ಟು ತಿಂದ ಉಗುರು ಫಂಗಸ್ ಇಲ್ಲದೆಯೂ ಹಾಗೇ ಕಾಣುತ್ತದೆ.